ಮಗಳ ಪರೀಕ್ಷೆಗೆ ಶಾಹುಲ್ ಹಮೀದ್ ಮಾಡಿದ ಚೌಕಾಶಿ

ಶಾಹುಲ್ ಹಮೀದ್ ತಮಗೆ ಬೇಕಾದಷ್ಟನ್ನೇ ಯಾರಲ್ಲೂ ಕೇಳಿದವರಲ್ಲ. ಎರಡು ದಿನದ ಸಮಯ ಬೇಕಿದ್ದರೆ ಒಂದು ವಾರ ಕೇಳುತ್ತಾರೆ. ಒಂದು ಸಹಿ ಬೇಕಿದ್ದರೆ ಮೂರು ಸಹಿ, ಮೇಲೊಂದು ಮೊಹರು ಕೇಳುತ್ತಾರೆ. ಎದುರಿನವರು ಅದನ್ನು ಕಡಿದು ಕಡಿದು ಸಣ್ಣದು ಮಾಡುತ್ತಾರೆ, ಇವರು ಸೋತವರಂತೆ ಮುಖ ಮಾಡಿಕೊಂಡು ಒಪ್ಪುತ್ತಾರೆ, ಹೊರಗೆ ಬಂದು ಕಾರಿನ ಬಾಗಿಲು ಹಾಕಿಕೊಂಡು ನಗುತ್ತಾರೆ.

ಇದು ಅವರ ಕಸುಬು. ಹಮದ್ ಬಂದರಿನಲ್ಲಿ ಬಂದಿಳಿಯುವ ಸರಕನ್ನು ಬಿಡಿಸಿ ಕೊಡುವ ಏಜೆಂಟ್ ಅವರು. ನನ್ನ ಅಂಗಡಿಯ ನಲ್ಲಿ, ಶವರು, ಕಮೋಡುಗಳೆಲ್ಲ ಅವರ ಕೈ ದಾಟಿಯೇ ದೋಹಾ ಸೇರಬೇಕು. ಹಡಗಿನ ಕಂಪನಿಗೆ ಅವರು ಬರೆಯುವ ದೂರಿನ ಕಾಗದ ಓದಿದರೆ, ಒಡೆದ ನನ್ನ ನಾಲ್ಕು ವಾಶ್‌ಬೇಸಿನ್‌ಗಳಿಗಾಗಿ ನನಗೇ ಅಳು ಬರುತ್ತದೆ. ದೇರಳಕಟ್ಟೆಯಿಂದ ಬಂದು ಇಲ್ಲಿಯೇ ತಲೆ ನರೆಸಿಕೊಂಡ ಮನುಷ್ಯ. ದೋಹಾದ ಮುಐದರ್ ಬಡಾವಣೆಯ ಒಂದು ವಿಲ್ಲಾವನ್ನು ಮೂರು ಸಂಸಾರಗಳು ಹಂಚಿಕೊಂಡಿವೆ. ಅದರ ಹಿಂಭಾಗದಲ್ಲಿ ಹೆಂಡತಿ ಝೈನಬ ಮತ್ತು ಒಬ್ಬಳೇ ಮಗಳು ಶೈಮಾಳ ಜೊತೆ ಅವರ ವಾಸ. ನನ್ನನ್ನು 'ಧನಿಗಳೇ' ಎಂದು ಕರೆಯುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ನಾನು ವಿಚಾರಿಸಲು ಹೋಗಿಲ್ಲ.

ಶೈಮಾ ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಒಳ್ಳೆಯ ಬುದ್ಧಿ. ಮನೆಯಲ್ಲಿ ಅಮ್ಮನಿಗೆ ಬೀಜಗಣಿತ ಹೇಳಿಕೊಡುತ್ತಾಳೆ, ಅಮ್ಮ ಕೇಳದಿದ್ದರೂ. ಆದರೆ ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಅವಳ ಗಣಿತದ ಉತ್ತರ ಪತ್ರಿಕೆಯಲ್ಲಿ ಹೆಸರು, ನಂಬರು, ಮೊದಲ ಪ್ರಶ್ನೆಯ ಅರ್ಧ, ಆಮೇಲೆ ಬಿಳಿ ಹಾಳೆ. ಹೇಗೋ ತೇರ್ಗಡೆಯಾದಳು. ಒಂಬತ್ತಕ್ಕೆ ಬಂದ ಮೇಲೆ ಕಿರುಪರೀಕ್ಷೆಗಳ ದಿನವೂ ಅದೇ ಕತೆ. ಬೆಳಿಗ್ಗೆ ವಾಂತಿ, ಕೈ ಮಂಜುಗಡ್ಡೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಲ್ಲುತ್ತದೆ. ಹೆಲ್ತ್ ಸೆಂಟರಿನ ಡಾಕ್ಟರು ರಕ್ತ, ಹೊಟ್ಟೆ ಎಲ್ಲ ನೋಡಿ, ಶರೀರಕ್ಕೆ ಏನೂ ಇಲ್ಲ, ಇದು ಪರೀಕ್ಷೆಯ ಭಯ, ಶಾಲೆಯವರ ಜೊತೆ ಮಾತಾಡಿ ಎಂದರು.

ಮಾತಾಡಿ ಎಂದದ್ದನ್ನು ಹಮೀದ್ 'ಬರೆಯಿರಿ' ಎಂದು ಅರ್ಥ ಮಾಡಿಕೊಂಡರು. ತರಗತಿಯ ಶಿಕ್ಷಕಿ ಪರ್ಲ್ ಮಿಸ್, ಶಿರ್ವ ಕಡೆಯವರು, ಗಣಿತವನ್ನೂ ಅವರೇ ಕಲಿಸುತ್ತಾರೆ. ಅವರಿಗೊಂದು ಇಮೇಲ್ ತಯಾರಾಯಿತು. ಕಳಿಸುವ ಮೊದಲು ನನ್ನ ಅಂಗಡಿಗೆ ಬಂದು, ಮಾದರಿಗೆ ಇಟ್ಟ ಕಮೋಡಿನ ಮುಚ್ಚಳದ ಮೇಲೆ ಕೂತು, ಫೋನನ್ನು ನನ್ನ ಕೈಗೆ ಕೊಟ್ಟರು.

ವಿಷಯ: ತುರ್ತು ಮತ್ತು ಅಂತಿಮ. ಪ್ರತಿ: ಪ್ರಿನ್ಸಿಪಾಲರಿಗೆ, ವೈಸ್ ಪ್ರಿನ್ಸಿಪಾಲರಿಗೆ, ಆಡಳಿತ ಕಚೇರಿಗೆ, ಬಸ್ಸಿನ ಉಸ್ತುವಾರಿಯವರಿಗೆ.

"ಬಸ್ಸಿನವರಿಗೆ ಯಾಕೆ ಮಾರಾಯ?"

"ಅವರ ಅಡ್ರೆಸ್ ನನ್ನ ಹತ್ರ ಇತ್ತು. ಇದ್ದದ್ದನ್ನು ವೇಸ್ಟ್ ಮಾಡುವುದು ಯಾಕೆ?"

ಕೆಳಗೆ ಬೇಡಿಕೆಗಳು. ಈ ತಿಂಗಳ ಎಲ್ಲ ಪರೀಕ್ಷೆಗಳಿಂದ ವಿನಾಯಿತಿ. ಅದಾಗದಿದ್ದರೆ ಪ್ರಶ್ನೆಗಳನ್ನು ಹಿಂದಿನ ದಿನವೇ ತಿಳಿಸುವುದು. ಬೇರೆ ಕೊಠಡಿ, ಅದರ ಬಾಗಿಲಲ್ಲಿ ತಾಯಿಗೆ ಕುರ್ಚಿ. ತಪ್ಪಿದಲ್ಲಿ ಮುಂದಿನ ಎಲ್ಲ ಪರಿಣಾಮಗಳಿಗೆ ಶಾಲೆಯೇ ಹೊಣೆ.

"ಇದರಲ್ಲಿ ಶೈಮಾ ಎಲ್ಲಿದ್ದಾಳೆ?" ಎಂದೆ. "ಅವಳಿಗೆ ಎಂತ ಆಗ್ತದೆ ಅಂತ ಒಂದು ಸಾಲೂ ಇಲ್ಲ. ಕಂಟೇನರಿನಲ್ಲಿ ಸಾಮಾನು ಒಡೆದು ಬಂದಿದೆ ಅಂತ ಬರೆದ ಹಾಗೆ ಉಂಟು."

"ನೀವು ವ್ಯಾಪಾರದವರು, ನಿಮಗೆ ನಾನು ಹೇಳಬೇಕಾ ಧನಿಗಳೇ? ನಾವು ಮೇಲೆ ಕೇಳುವುದು, ಅವರು ಕೆಳಗೆ ಹೇಳುವುದು, ನಡುವೆ ಒಂದು ಕಡೆ ಖಲಾಸ್. ನನಗೆ ಬೇಕಾದದ್ದು ಆ ನಡುವಿನದ್ದು."

"ನಡುವಿನದ್ದು ಅಂದರೆ ಎಂತ?"

"ಅದನ್ನು ಅವರು ಹೇಳ್ತಾರಲ್ಲ," ಎಂದು ಹಮೀದ್ ಗುಂಡಿ ಒತ್ತಿಬಿಟ್ಟರು.

ಶಾಲೆಯವರು ಹೇಳಲಿಲ್ಲ. ಚೌಕಾಶಿಯ ಅಭ್ಯಾಸವೇ ಇಲ್ಲದ ಜನ. ಅಷ್ಟು ಮಂದಿಗೆ ಪ್ರತಿ ಹೋದ, 'ಹೊಣೆ', 'ಪರಿಣಾಮ' ಎಂಬ ಶಬ್ದಗಳಿದ್ದ ಕಾಗದವನ್ನು ಕಂಡರೆ ಯಾವ ಕಚೇರಿಗಾದರೂ ಒಂದೇ ಆಸೆ ಹುಟ್ಟುತ್ತದೆ: ಇದು ತನ್ನ ಮೇಜಿನಿಂದ ತೊಲಗಲಿ. ಉತ್ತರ ಬಂದದ್ದು ಪರ್ಲ್ ಮಿಸ್‌ರಿಂದಲ್ಲ, ಮೇಲಿನಿಂದ. ಎರಡೇ ಸಾಲು. ಪೋಷಕರ ಕೋರಿಕೆಯಂತೆ ವಿದ್ಯಾರ್ಥಿನಿಗೆ ಈ ತಿಂಗಳ ಪರೀಕ್ಷೆಗಳಿಂದ ಪೂರ್ತಿ ವಿನಾಯಿತಿ ಕೊಡಲಾಗಿದೆ. ಆ ದಿನಗಳಲ್ಲಿ ಶಾಲೆಗೆ ಬರಬೇಕಾಗಿಲ್ಲ.

ಅಂದು ಸಂಜೆ ಹಮೀದ್ ಕುನಾಫ ಎಂಬ ಅರಬ್ಬಿ ಸಿಹಿಯ ಡಬ್ಬಿ ಹಿಡಿದುಕೊಂಡು ಬಂದರು.

"ಕೇಳಿದ್ದು ಪೂರ್ತಿ ಕೊಟ್ಟರು! ಇಷ್ಟು ವರ್ಷದಲ್ಲಿ ನನಗೆ ಎಲ್ಲಿಯೂ ಹೀಗೆ ಆಗಿರಲಿಲ್ಲ."

ಕುನಾಫ ತಿಂದೆ, ಬಿಸಿ ಇತ್ತು. ಆದರೆ ಗಿರಾಕಿ ಮೊದಲ ಬೆಲೆಗೇ ತಲೆಯಾಡಿಸಿದರೆ ವ್ಯಾಪಾರಿಗೆ ಸಂತೋಷವಾಗಬಾರದು, ಎಲ್ಲಿ ಮೋಸ ಹೋದೆ ಎಂದು ಯೋಚಿಸಬೇಕು. ಹಮೀದ್‌ರಿಗೆ ಅದು ಹೊಳೆಯಲಿಲ್ಲ. ಅಪ್ಪನಾದವನಿಗೆ ಕಸುಬು ಮರೆಯುತ್ತದೆ.

ಮೊದಲ ಕೆಲವು ದಿನ ಶೈಮಾ ಹಕ್ಕಿಯಂತಿದ್ದಳು. ಉಂಡಳು, ನಿದ್ದೆ ಮಾಡಿದಳು, ಕಿಟಕಿಯ ಪರದೆ ಬದಲಿಸಿದಳು. ನೋಡಿದಿರಾ ಎಂದರು ಹಮೀದ್. ಪರೀಕ್ಷೆ ಮುಗಿದು ಶಾಲೆಗೆ ಹಿಂತಿರುಗಿದ ದಿನ ಒಬ್ಬ ಹುಡುಗ 'ವಿಐಪಿ ಬಂದಳು' ಎಂದನಂತೆ. ಮುಂದಿನ ವಾರ ಸ್ಪೆಲ್ಲಿಂಗ್ ಕೇಳುವ ದಿನ ಹೊಟ್ಟೆನೋವು. ಅದು ಪರೀಕ್ಷೆಯೇ ಅಲ್ಲ. ಆಮೇಲೆ ಗಣಿತದ ಪೀರಿಯಡ್ ಇದ್ದ ದಿನವೆಲ್ಲ ಹೊಟ್ಟೆನೋವು. ಬೇಸಿಗೆ ರಜೆ ನಡುವೆ ಬಂದು ಎಲ್ಲವನ್ನೂ ಮುಚ್ಚಿಹಾಕಿತು; ಊರಿಗೆ ಹೋಗಿ ಬಂದರು. ಆಗಸ್ಟ್ ಕೊನೆಗೆ ಶಾಲೆ ತೆರೆದ ಭಾನುವಾರ, ಇಲ್ಲಿ ಅದೇ ವಾರದ ಮೊದಲ ದಿನ, ಬಸ್ಸು ಗೇಟಿನೆದುರು ಹಾರ್ನ್ ಹಾಕಿ ಹಾಕಿ ಅವಳಿಲ್ಲದೆ ಹೊರಟುಹೋಯಿತು. ಶೈಮಾ ಸ್ನಾನದ ಮನೆಯ ಚಿಲಕ ಹಾಕಿಕೊಂಡಿದ್ದಳು. ನಾನೇ ಮಾರಿದ ಚಿಲಕ, ಗಟ್ಟಿ ಮಾಲು.

ಮೇಲಿನಿಂದ ಇನ್ನೊಂದು ಎರಡು ಸಾಲು ಬಂತು. ಅರ್ಧವಾರ್ಷಿಕ ಪರೀಕ್ಷೆಗೆ ವಿನಾಯಿತಿ ಸಾಧ್ಯವಿಲ್ಲ. ಅಂಕಗಳಿಲ್ಲದೆ ಹತ್ತನೆಯ ತರಗತಿಗೆ ಸೇರಿಸಿಕೊಳ್ಳುವುದು ಕಷ್ಟವಾಗಬಹುದು. ಪರೀಕ್ಷೆ ಸೆಪ್ಟೆಂಬರಿನ ಕೊನೆಗೆ. ಹುಡುಗಿ ಪರೀಕ್ಷೆಯ ಕೋಣೆಗೆ ಇರಲಿ, ಶಾಲೆಯ ಬಸ್ಸಿಗೂ ಹತ್ತುತ್ತಿಲ್ಲ.

ಈಗ ಹಮೀದ್ ನಿಜವಾಗಿ ಹೆದರಿದರು. ಹೆದರಿದ ಮೇಲೆ ಮಾಡಿದ ಮೊದಲ ಒಳ್ಳೆಯ ಕೆಲಸ, ಏನೂ ಬರೆಯದೆ ಪರ್ಲ್ ಮಿಸ್‌ರಿಗೆ ಫೋನ್ ಮಾಡಿದ್ದು. ಅವರು ಶಾಲೆಯ ಕೌನ್ಸೆಲರ್ ಮೋಕ್ಷಾ ಎಂಬುವರನ್ನೂ ಕೂರಿಸಿಕೊಂಡು ಗಂಡ ಹೆಂಡತಿಯನ್ನು ಕರೆದರು. ಅಲ್ಲಿ ನಡೆದದ್ದನ್ನು ಹಮೀದ್ ಹೇಳಿ, ಝೈನಬ ತಿದ್ದಿದ ಮೇಲೆ ನನಗೆ ಉಳಿದದ್ದು ಇಷ್ಟು.

"ನಿಮ್ಮ ಇಮೇಲ್ ಓದಿ ನನಗೆ ಶೈಮಾಳ ಬಗ್ಗೆ ಏನೂ ಗೊತ್ತಾಗಲಿಲ್ಲ ಹಮೀದ್ ಅವರೇ," ಎಂದರಂತೆ ಪರ್ಲ್ ಮಿಸ್. "ನಿಮ್ಮ ಬಗ್ಗೆ ಗೊತ್ತಾಯ್ತು. ನಾನು ಉತ್ತರ ಬರೀಬೇಕು ಅಂತ ಕೂತಿದ್ದೆ, ಅಷ್ಟರಲ್ಲಿ ಆಫೀಸಿನಿಂದ ಹೋಗಿ ಆಗಿತ್ತು."

ಮೋಕ್ಷಾ ಚಿಕ್ಕ ವಯಸ್ಸಿನವರು, ಮೆಲ್ಲನೆ ಮಾತು. ಅವರು ಬಿಡಿಸಿ ಹೇಳಿದರು: ಹುಡುಗಿಗೆ ಪರೀಕ್ಷೆಯ ಭಯ ಬಂತು, ನಾವು ಪರೀಕ್ಷೆಯನ್ನೇ ತೆಗೆದೆವು, ತಕ್ಷಣ ಹಾಯೆನಿಸಿತು. ಆ ಹಾಯೆನಿಸಿದ್ದೇ ಅವಳ ಮನಸ್ಸಿಗೆ ಪಾಠ ಕಲಿಸಿತು: ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ, ಹಾಗಾದರೆ ಅಲ್ಲಿ ನಿಜವಾಗಿಯೂ ಅಪಾಯ ಇತ್ತು. ಮುಂದಿನ ಸಲ ಭಯ ಇನ್ನಷ್ಟು ಬೇಗ, ಇನ್ನಷ್ಟು ಸಣ್ಣದಕ್ಕೆ ಬರುತ್ತದೆ. ಭಯ ಏರಿದ ಮೇಲೆ ತಾನಾಗಿ ಇಳಿಯುತ್ತದೆ ಎಂಬುದನ್ನು ಅವಳು ಕೋಣೆಯೊಳಗೆ ಇದ್ದುಕೊಂಡೇ ಕಾಣಬೇಕು. ಆದ್ದರಿಂದ ಪರೀಕ್ಷೆ ಇರಲಿ, ಅದರೊಳಗೆ ಉಳಿಯುವುದಕ್ಕೆ ಬೇಕಾದಷ್ಟು ಆಸರೆ ಕೊಡೋಣ. ಮೆಟ್ಟಿಲು ಮೆಟ್ಟಿಲಾಗಿ. ಒಂದೇ ಸಲಕ್ಕೆ ದೊಡ್ಡ ಪರೀಕ್ಷಾ ಹಾಲಿಗೆ ದೂಡುವುದೂ ಬೇಡ.

"ಮನೆಯಲ್ಲಿ ನೀವು ಅವಳಿಗೆ ಎಂತ ಹೇಳ್ತೀರಿ, ಪರೀಕ್ಷೆಯ ದಿನ?" ಎಂದು ಕೇಳಿದರಂತೆ.

"ಟೆನ್ಶನ್ ಮಾಡಬೇಡ ಅಂತ ಹೇಳ್ತೇನೆ."

"ಎಷ್ಟು ಸಲ?"

"ಹೇಳ್ತಾ ಇರ್ತೇನೆ," ಎಂದರು ಹಮೀದ್.

"ಮುಐದರಿನಿಂದ ಸ್ಕೂಲ್ ಗೇಟಿನವರೆಗೆ, ಪ್ರತಿ ಸಿಗ್ನಲಿನಲ್ಲಿ," ಎಂದರು ಝೈನಬ. "ಹಸಿರು ಬಿದ್ದರೂ ಹೇಳಿ ಮುಗಿಯದೆ ಗಾಡಿ ಬಿಡುವುದಿಲ್ಲ. ಪೇಪರು ಮುಗಿದು ಅವಳು ಕಾರಿಗೆ ಹತ್ತುವ ಮೊದಲು ಕೇಳ್ತಾರೆ, ಎಷ್ಟು ಬರ್ತದೆ? ಆಮೇಲೆ ದೇರಳಕಟ್ಟೆಯ ಮನೆಯವರಿಗೆ ಫೋನು."

ಮೋಕ್ಷಾ ನಗಲಿಲ್ಲ, ಅದು ಅವರ ಕಸುಬು. ಎರಡನ್ನೂ ನಿಲ್ಲಿಸಿ ಎಂದರು. 'ಟೆನ್ಶನ್ ಬೇಡ' ಎಂದರೆ ಮಗುವಿಗೆ ಕೇಳಿಸುವುದು ಟೆನ್ಶನ್ ಒಂದೇ. ಬದಲಿಗೆ, ಹೆದರಿಕೆ ಬರಬಹುದು, ಬಂದರೆ ಏನು ಮಾಡುವುದು ಎಂದು ನಿನಗೆ ಗೊತ್ತುಂಟು ಎಂದು ಒಂದು ಸಲ ಹೇಳಿ, ಸಾಕು. ಕೊನೆಗೆ, ಇನ್ನೊಂದು ಕಾಗದ ಬರೆಯಿರಿ, ಈ ಸಲ ಪರ್ಲ್ ಮಿಸ್‌ರಿಗೆ ಮತ್ತು ನನಗೆ ಮಾತ್ರ ಎಂದರು. ಏನಾಗುತ್ತದೆ, ಯಾವಾಗ ಏರುತ್ತದೆ, ಏನು ಮಾಡಿದರೆ ಇಳಿಯುತ್ತದೆ, ಮನೆಯಲ್ಲಿ ನೀವೇನು ಮಾಡುತ್ತಿದ್ದೀರಿ, ತರಗತಿಯಲ್ಲಿ ಏನು ಬೇಕು. ಬೇಕಾದಷ್ಟನ್ನೇ ಕೇಳಿ. ಬರೆಯುವಾಗ ಶೈಮಾ ಪಕ್ಕದಲ್ಲಿರಲಿ.

'ಬೇಕಾದಷ್ಟನ್ನೇ ಕೇಳಿ' ಎಂಬ ಮಾತು ಹಮೀದ್‌ರಿಗೆ ಎಷ್ಟು ಕಷ್ಟವಾಯಿತೆಂದು ಮೋಕ್ಷಾರಿಗೆ ಗೊತ್ತಿರಲಿಕ್ಕಿಲ್ಲ.

ಶುಕ್ರವಾರ ನನ್ನನ್ನು ಊಟಕ್ಕೆ ಕರೆದರು. ಅಕ್ಕಿ ರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು. ತಟ್ಟೆ ಎತ್ತಿದ ಮೇಲೆ ಲ್ಯಾಪ್‌ಟಾಪ್ ಬಂತು, ಕರೆದ ಕಾರಣ ಆಗ ಗೊತ್ತಾಯಿತು. ಹಮೀದ್ ಟೈಪ್ ಮಾಡುವವರು, ಝೈನಬ ನೆನಪಿಸುವವರು, ಶೈಮಾ ಕಾಲು ಮಡಚಿ ಸೋಫಾದ ತುದಿಯಲ್ಲಿ. ನನ್ನ ಕೆಲಸ, ಹಮೀದ್ 'ಹೊಣೆ' ಎಂಬ ಶಬ್ದ ಒತ್ತಿದರೆ ಕೆಮ್ಮುವುದು.

"ಏನಾಗ್ತದೆ ಹೇಳು ಮೋಳೆ," ಎಂದು ಮಗಳನ್ನು ಕೇಳಿದರು ಝೈನಬ.

ಶೈಮಾ ಉಗುರು ನೋಡುತ್ತಲೇ ಹೇಳಿದಳು. "ಪೇಪರ್ ಕೊಡ್ತಾರಲ್ಲ, ಆಗ ಓದ್ಲಿಕ್ಕೆ ಆಗ್ತದೆ. ಲೆಟರ್ಸ್ ಕಾಣ್ತದೆ. ಮೀನಿಂಗ್ ಬರುವುದಿಲ್ಲ. ಆಚೆ ಈಚೆ ಎಲ್ಲ ಪೇಜ್ ತಿರುಗಿಸುವ ಸೌಂಡ್. ಎಲ್ಲರೂ ಮುಂದೆ ಹೋದ್ರು, ನಾನು ಮಾತ್ರ ಅಂತ. ಮತ್ತೆ ಡ್ಯೂಟಿ ಟೀಚರ್ ಜೋರು ಹೇಳ್ತಾರೆ, ಹಾಫ್ ಆನ್ ಅವರ್ ಲೆಫ್ಟ್! ಆಗ ಖಲಾಸ್."

ಹಮೀದ್‌ರ ಬೆರಳು ನಿಂತಿತು. ಇಷ್ಟು ದಿನ ಅವರು ಇದನ್ನು ಕೇಳಿರಲೇ ಇಲ್ಲ. ಅಂಕ ಕೇಳಿದ್ದರು, ಕಾರಣ ಕೇಳಿದ್ದರು. ಒಳಗೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಹಾಗಾದರೆ ಬರೀತೇನೆ, ಟೀಚರು ಅವಳ ಮೇಲೆ ವಿಶೇಷ ಗಮನ ಇಡಬೇಕು..."

"ಬೇಡ ಉಪ್ಪ!" ಎಂದು ಅಪ್ಪನನ್ನು ತಡೆದಳು ಶೈಮಾ. "ಮಿಸ್ ನನ್ನನ್ನೇ ನೋಡಿದ್ರೆ ಇಡೀ ಕ್ಲಾಸ್ ನೋಡ್ತದೆ."

ಅಳಿಸಿದರು. "ತಾಯಿಗೆ ಕುರ್ಚಿ..."

"ಉಪ್ಪ!"

"ನನಗೂ ಬೇಡ," ಎಂದರು ಝೈನಬ. "ನಾನು ಅಲ್ಲಿ ಕೂತರೆ ನನಗೇ ವಾಂತಿ ಬಂದೀತು."

"ಪ್ರಶ್ನೆ ಕಡಿಮೆ ಮಾಡ್ಲಿಕ್ಕೆ ಕೇಳಲಾ?"

"ಎಂತಕ್ಕೆ? ನನಗೆ ಆನ್ಸರ್ ಗೊತ್ತುಂಟು." ಅಂದು ಮೊದಲ ಸಲ ಹುಡುಗಿಗೆ ಸಿಟ್ಟು ಬಂತು. ನನಗೆ ಆ ಸಿಟ್ಟು ಕಂಡು ಸಮಾಧಾನವಾಯಿತು.

ಹೀಗೆ ಕೇಳಿ, ಅಳಿಸಿ, ಜಗಳ ಮಾಡಿ ಆದ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಹೇಳಿದರೆ ಹೀಗಿದೆ:

'ಪರ್ಲ್ ಮಿಸ್‌ರಿಗೆ ನಮಸ್ಕಾರ. ಮೊದಲ ಕಾಗದದಲ್ಲಿ ಶೈಮಾಳನ್ನು ಪರೀಕ್ಷೆಯಿಂದ ಬಿಡಿಸಿ ಎಂದು ಕೇಳಿದ್ದೆವು. ಅದರಿಂದ ಅವಳಿಗೆ ಕೆಡುಕೇ ಆಯಿತು. ಅವಳು ಅರ್ಧವಾರ್ಷಿಕ ಪರೀಕ್ಷೆ ಬರೆಯಬೇಕು ಎಂಬುದು ನಮ್ಮ ಆಸೆ, ಅವಳ ಆಸೆಯೂ ಹೌದು. ಕೋಣೆಯಲ್ಲಿ ಉಳಿಯಲು ನಿಮ್ಮ ಸಹಾಯ ಬೇಕು.

ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅವಳಿಗೆ ಉಸಿರು ಕಟ್ಟುತ್ತದೆ, ಕೈ ತಣ್ಣಗಾಗುತ್ತದೆ, ಓದಿದ ಸಾಲು ಅರ್ಥವಾಗುವುದಿಲ್ಲ. ಇತರರು ಹಾಳೆ ತಿರುಗಿಸುವ ಸದ್ದು, ಉಳಿದ ಸಮಯವನ್ನು ಗಟ್ಟಿಯಾಗಿ ಹೇಳುವುದು, ಎಲ್ಲರೆದುರು ಅಂಕ ಓದುವುದು ಇದನ್ನು ಹೆಚ್ಚಿಸುತ್ತವೆ. ಯಾರೂ ಮಾತನಾಡಿಸದೆ ಸ್ವಲ್ಪ ಹೊತ್ತು ಹೊರಗೆ ನಿಂತು ನಿಧಾನವಾಗಿ ಉಸಿರು ಬಿಟ್ಟರೆ ಇಳಿಯುತ್ತದೆ. ಡಾಕ್ಟರು ನೋಡಿದ್ದಾರೆ, ಶರೀರದ ಕಾಯಿಲೆ ಅಲ್ಲ ಎಂದಿದ್ದಾರೆ, ಅವರ ಚೀಟಿ ಲಗತ್ತಿಸಿದ್ದೇವೆ. ವಾರಕ್ಕೊಮ್ಮೆ ಮೋಕ್ಷಾ ಅವರನ್ನು ಕಾಣುತ್ತಾಳೆ. ಮನೆಯಲ್ಲಿ ಅಂಕ ಕೇಳುವುದನ್ನು ನಿಲ್ಲಿಸಿದ್ದೇವೆ.

ನಿಮ್ಮ ತರಗತಿಯಲ್ಲಿ ಸಾಧ್ಯವಾದರೆ: ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಜಾಗ. ಕೈಯೆತ್ತಿ ಕೇಳುವ ಬದಲು ಮೇಜಿನ ಮೇಲೆ ಒಂದು ಬಣ್ಣದ ಕಾರ್ಡ್ ಇಟ್ಟು ಐದು ನಿಮಿಷ ಹೊರಗೆ ಹೋಗಿ ಬರುವ ಅನುಮತಿ. ಸಮಯವನ್ನು ಹೇಳದೆ ಬೋರ್ಡಿನ ಮೇಲೆ ಬರೆಯುವುದು. ತಿದ್ದಿದ ಪತ್ರಿಕೆಯನ್ನು ಮಡಚಿ ಕೊಡುವುದು. ಪಾಠದ ನಡುವೆ ಪ್ರಶ್ನೆ ಕೇಳುವುದಿದ್ದರೆ ಹಿಂದಿನ ದಿನ ಅವಳಿಗೊಂದು ಸೂಚನೆ. ಅರ್ಧವಾರ್ಷಿಕಕ್ಕೆ ಮೊದಲು ಅಂಕವಿಲ್ಲದ ಸಣ್ಣ ಪರೀಕ್ಷೆಗಳ ಅಭ್ಯಾಸ, ಪರೀಕ್ಷೆಗೆ ಕೆಲವೇ ಮಕ್ಕಳಿರುವ ಕೋಣೆ, ನಿಯಮದಲ್ಲಿ ಇದ್ದರೆ ಸ್ವಲ್ಪ ಹೆಚ್ಚು ಸಮಯ. ಪ್ರಶ್ನೆಗಳನ್ನು ಸುಲಭ ಮಾಡುವುದು ಬೇಡ, ಅಂಕದಲ್ಲಿ ರಿಯಾಯಿತಿ ಬೇಡ.

ಇವುಗಳಲ್ಲಿ ಯಾವುದು ಆಗುವುದಿಲ್ಲ ಎಂದು ದಯವಿಟ್ಟು ತಿಳಿಸಿ. ಪರೀಕ್ಷೆಯ ನಂತರ ಒಮ್ಮೆ ಕೂತು, ಯಾವುದು ಕೆಲಸ ಮಾಡಿತು, ಯಾವುದನ್ನು ಬಿಡಬಹುದು ಎಂದು ನೋಡೋಣ. ಈ ವಿಷಯ ಇತರ ಮಕ್ಕಳಿಗೆ ತಿಳಿಯಬಾರದೆಂದು ಶೈಮಾ ಕೇಳಿಕೊಂಡಿದ್ದಾಳೆ. ಈ ಕಾಗದವನ್ನು ಅವಳು ಓದಿದ್ದಾಳೆ.'

ಕಳಿಸಿದ ಮೇಲೆ ಹಮೀದ್ ಬಟ್ಟೆಯಿಲ್ಲದೆ ರಸ್ತೆಗೆ ಬಂದವರಂತೆ ಕೂತರು. "ಎಲ್ಲ ಸರಿಯಾದ ಬೆಲೆಗೇ ಹೇಳಿಬಿಟ್ಟೆ ಧನಿಗಳೇ. ಇನ್ನು ಅವರು ಕಡಿದರೆ, ಅರಬ್ಬಿಯವರು ಹೇಳುವ ಹಾಗೆ, ನನ್ನ ಹತ್ರ ಮಾಫಿ. ಬಿಡ್ಲಿಕ್ಕೆ ಎಂತದೂ ಇಲ್ಲ."

ಪರ್ಲ್ ಮಿಸ್‌ರ ಉತ್ತರ ಭಾನುವಾರವೇ ಬಂತು, ಉದ್ದವಾಗಿ. ಬಾಗಿಲ ಹತ್ತಿರದ ಜಾಗ ಆಗುತ್ತದೆ, ಆದರೆ ಒಬ್ಬಳನ್ನೇ ಎಬ್ಬಿಸಿದರೆ ಎದ್ದು ಕಾಣುತ್ತದೆ, ಆದ್ದರಿಂದ ಇಡೀ ತರಗತಿಯ ಜಾಗ ಬದಲಿಸುತ್ತೇನೆ. ಸಮಯ ಬೋರ್ಡಿನ ಮೇಲೆ, ಎಲ್ಲರಿಗೂ ಒಳ್ಳೆಯದೇ. ಪತ್ರಿಕೆ ಮಡಚಿ ಕೊಡುವುದನ್ನು ಎಲ್ಲರಿಗೂ ಮಾಡುತ್ತೇನೆ. ಕಾರ್ಡ್ ಸರಿ, ಆದರೆ ಪರೀಕ್ಷೆಯಲ್ಲಿ ಹೊರಗೆ ಹೋದರೆ ಕಾರಿಡಾರಿನಲ್ಲಿ ಆಯಮ್ಮ ಜೊತೆಗಿರುತ್ತಾರೆ, ಪತ್ರಿಕೆ ಮೇಜಿನ ಮೇಲೆಯೇ ಇರಬೇಕು, ಹೋದ ಸಮಯ ಹೋಯಿತು. ಹೆಚ್ಚುವರಿ ಸಮಯ ನನ್ನ ಕೈಯಲ್ಲಿಲ್ಲ. ಶಾಲೆಯ ಪರೀಕ್ಷೆಗೆ ಮೋಕ್ಷಾ ಶಿಫಾರಸು ಮಾಡಿದರೆ ಪ್ರಿನ್ಸಿಪಾಲರು ನಿರ್ಧರಿಸುತ್ತಾರೆ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯ ನಿಯಮ ಬೇರೆ, ದಾಖಲೆ ಬೇಕು, ಮುಂಚೆಯೇ ಅರ್ಜಿ ಬೇಕು, ಸಿಕ್ಕೀತೆಂದು ನಂಬಿ ಕೂರಬೇಡಿ. ಕೊನೆಗೊಂದು ಸಾಲು: 'ನೀವು ಒಂದು ಮರೆತಿದ್ದೀರಿ. ಪರೀಕ್ಷೆಯ ದಿನ ಕೋಣೆಯಲ್ಲಿ ಇರುವುದು ನಾನಲ್ಲ, ಬೇರೆ ಟೀಚರು. ಕಾರ್ಡಿನ ವಿಷಯ ಅವರಿಗೆ ಮೊದಲೇ ನಾನು ಹೇಳಿಡುತ್ತೇನೆ.'

ಹಮೀದ್ ಅದನ್ನು ನನಗೆ ಎರಡು ಸಲ ಓದಿ ಹೇಳಿದರು. "ನೋಡಿ, ನೋಡಿ, ಇದಕ್ಕೆ ಹೌದು, ಅದಕ್ಕೆ ಅಲ್ಲ, ಇದಕ್ಕೆ ಶರ್ತ. ಚೌಕಾಶಿ ಅಂದ್ರೆ ಇದು! ಇವರು ಬಂದರಿನಲ್ಲಿ ಇರಬೇಕಿತ್ತು." ಹೆಚ್ಚುವರಿ ಸಮಯ ಖಚಿತವಾಗಲಿಲ್ಲ ಎಂಬ ಬೇಸರಕ್ಕಿಂತ, ಎದುರು ಆಡುವವರು ಸಿಕ್ಕಿದ ಸಂತೋಷವೇ ಹೆಚ್ಚಿತ್ತು.

ಬಸ್ಸು ಬೇಡವೆಂದು ಶೈಮಾ ಅಪ್ಪನ ಕಾರಿನಲ್ಲೇ ಮತ್ತೆ ಶಾಲೆಗೆ ಹೋಗತೊಡಗಿದಳು. ಎಲ್ಲ ಸುಸೂತ್ರ ಆಯಿತೆಂದು ತಿಳಿಯಬೇಡಿ. ಮೊದಲ ಅಭ್ಯಾಸದ ದಿನ, ಅಂಕವಿಲ್ಲದ ನಾಲ್ಕೇ ಪ್ರಶ್ನೆಗೆ, ಶೈಮಾ ಕಾರ್ಡ್ ಇಟ್ಟು ಹೊರಟವಳು ಪೀರಿಯಡ್ ಮುಗಿಯುವವರೆಗೆ ಹಿಂತಿರುಗಲಿಲ್ಲ. ಪರ್ಲ್ ಮಿಸ್ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಉಳಿದ ಎರಡು ಪ್ರಶ್ನೆಗಳನ್ನು ಮರುದಿನ ಅದೇ ಮೇಜಿನ ಮೇಲೆ ಇಟ್ಟರು. ಮುಂದಿನ ಸಲ ಹೋಗಿ ಬಂದಳು. ಅದರ ಮುಂದಿನ ಸಲ ಪ್ರಶ್ನೆಗಳಿಗೆ ಅಂಕ ಇಟ್ಟರು, ಮತ್ತೆ ವಾಂತಿ ಆಯಿತು, ಬಾಯಿ ತೊಳೆದು ಬಂದು ಬರೆದಳು. ಸುಲಭವಾದ ಪ್ರಶ್ನೆಯನ್ನು ಹುಡುಕಿ ಮೊದಲು ಅದನ್ನು ಬರೆ, ಪೆನ್ನು ಓಡಲಿ ಎಂದು ಮೋಕ್ಷಾ ಹೇಳಿಕೊಟ್ಟಿದ್ದರು. ಖಾಲಿ ಕೋಣೆಗೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ, ಎಲ್ಲಿ ಕೂರುವುದು, ಯಾವ ಬಾಗಿಲಿನಿಂದ ಹೋಗುವುದು, ಎಲ್ಲಿ ನಿಲ್ಲುವುದು ಎಂದು ತೋರಿಸಿದರು. ಮನೆಯಲ್ಲಿ ಹಮೀದ್ ಸಿಗ್ನಲುಗಳಲ್ಲಿ ಬಾಯಿ ಮುಚ್ಚಿಕೊಂಡು ಹಸಿರಿಗೆ ಕಾಯುವುದನ್ನು ಕಲಿತರು. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟವಾಯಿತೆಂದು ಝೈನಬರಿಗೂ ಖಚಿತವಿಲ್ಲ.

ಅರ್ಧವಾರ್ಷಿಕದ ಮೊದಲ ದಿನವೇ ಗಣಿತ. ಕೆಲವೇ ಮಕ್ಕಳಿದ್ದ ಸಣ್ಣ ಕೋಣೆ. ಶೈಮಾ ಎರಡು ಸಲ ಹೊರಗೆ ಹೋದಳು, ಎರಡು ಸಲವೂ ಬಂದಳು. ಕೊನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. ಕಾರಿಗೆ ಹತ್ತಿದಾಗ ಹಮೀದ್ ಕೇಳಬಾರದ್ದನ್ನು ಕೇಳದಿರಲು ನಾಲಿಗೆ ಕಚ್ಚಿಕೊಂಡು, "ಊಟಕ್ಕೆ ಎಂತ ಮಾಡುವ?" ಎಂದರಂತೆ.

"ಉಪ್ಪ, ನೀವು ಮಾರ್ಕ್ಸ್ ಕೇಳುವ ಮುಖ ಮಾಡಿ ಊಟ ಕೇಳ್ತಾ ಇದ್ದೀರಿ," ಎಂದಳಂತೆ ಮಗಳು.

ಉಳಿದ ವಿಷಯಗಳನ್ನೂ ಬರೆದಳು. ಅಂಕಗಳು ಬಂದವು, ಮಡಚಿದ ಹಾಳೆಯಲ್ಲಿ. ಹೇಗಿತ್ತು ಎಂದು ಹಮೀದ್ ನನಗೆ ಹೇಳಿಲ್ಲ. ಹೇಳಬಾರದೆಂದು ಮನೆಯಲ್ಲಿ ತೀರ್ಮಾನವಾಗಿದೆ. ದೇರಳಕಟ್ಟೆಯವರು ಬಹಳ ಸಂಕಟದಲ್ಲಿದ್ದಾರೆ.

ಆಮೇಲೆ ಮಾತು ಕೊಟ್ಟಂತೆ ಎಲ್ಲರೂ ಕೂತರು. ಯಾವುದನ್ನು ಬಿಡಬಹುದು ಎಂದು ಪರ್ಲ್ ಮಿಸ್ ಕೇಳಿದರೆ ಶೈಮಾ, "ಆ ಸಣ್ಣ ರೂಮ್ ಬೇಡ ಮಿಸ್" ಎಂದಳು. "ತುಂಬಾ ಸೈಲೆಂಟ್. ನನ್ನದೇ ಹಾರ್ಟ್ ಕೇಳ್ತದೆ. ಡಿಸೆಂಬರಿನ ಎಕ್ಸಾಮಿಗೆ ನಾನು ಹಾಲಿನಲ್ಲಿ ಎಲ್ಲರ ಜೊತೆ ಕೂರ್ತೇನೆ. ಬಾಗಿಲ ಹತ್ರ."

ಹಮೀದ್ ಕುರ್ಚಿಯಲ್ಲಿ ಮುಂದೆ ಬಂದರು. "ಇರಲಿ ಮೋಳೆ, ಸಿಕ್ಕಿದ್ದು ಯಾಕೆ ಬಿಡುವುದು? ಉಪಯೋಗ ಮಾಡದಿದ್ದರೆ ಸುಮ್ಮನೆ ಇಟ್ಟುಕೊಳ್ಳುವ."

"ಉಪ್ಪ, ಅದು ನಿಮ್ಮ ರೂಮ್ ಅಲ್ಲ, ನನ್ನದು."

ಪರ್ಲ್ ಮಿಸ್ ಅಪ್ಪನ ಮುಖ ನೋಡದೆ ಮಗಳ ಮುಖ ನೋಡಿದರು. "ಸರಿ, ಹಾಲು. ಕಾರ್ಡ್ ಇರಲಿ?"

"ಕಾರ್ಡ್ ಇರಲಿ," ಎಂದಳು ಶೈಮಾ.

ಡಿಸೆಂಬರಿನ ಪರೀಕ್ಷೆಯ ಬೆಳಿಗ್ಗೆ ಹಮೀದ್ ಬಂದರಿಗೆ ಹೋಗಲಿಲ್ಲ. ನನ್ನ ಒಂದು ಕಂಟೇನರ್ ಅಲ್ಲಿ ಕಾಯುತ್ತಿತ್ತು. ಸಿಟ್ಟು ಬಂದು ಫೋನ್ ಮಾಡಿದರೆ ಝೈನಬ ಎತ್ತಿದರು. ಇಬ್ಬರೂ ಶಾಲೆಯ ಪಾರ್ಕಿಂಗಿನಲ್ಲಿದ್ದರು. ಶೈಮಾ ಉಳಿದ ಮಕ್ಕಳ ಗುಂಪಿನಲ್ಲಿ ನಡೆದುಕೊಂಡು ಹಾಲಿನೊಳಗೆ ಹೋಗಿ ಆಗಿತ್ತು, ತಿರುಗಿ ಸಹ ನೋಡಲಿಲ್ಲ.

"ಇವರಿಗೆ ಕೊಡಲಾ?" ಎಂದರು ಝೈನಬ. "ಮಾತಾಡುವ ಹಾಗಿಲ್ಲ. ಕೈ ಐಸ್ ಆಗಿದೆ, ಬೆವರುತ್ತಾ ಇದ್ದಾರೆ. ಒಳಗೆ ಎಳೆದ ಉಸಿರು ಹೊರಗೆ ಬಿಡುವುದಿಲ್ಲ." ಆಮೇಲೆ ಫೋನನ್ನು ದೂರ ಹಿಡಿದು ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು: "ಮೆಲ್ಲ ಬಿಡಿ ಮಾರ್ರೆ. ಮೆಲ್ಲ. ನೀವು ಬಿಡುವುದು ಸಾಲದು, ಇನ್ನೂ ಉದ್ದ."